ನಬೀಸಾ ಹೇಳಿದಷ್ಟೇ

1963ರ ಜನವರಿಯ ಒಂದು ಬೆಳಿಗ್ಗೆ ಬಂಟ್ವಾಳದ ಹೆಂಚು ರಫ್ತು ಕಚೇರಿಗೆ ಬಹರೈನಿನಿಂದ ತಂತಿ ಬಂತು. ಅಲ್ಲಿಯ ಗೋದಾಮಿನಲ್ಲಿ ಹೆಂಚಿನ ರಾಶಿ ಕುಸಿದು ಬೆಳ್ತಂಗಡಿಯ ಅಬ್ಬಾಸನ ಕಾಲು ಮುರಿದಿತ್ತು. ಗಾಯದಲ್ಲಿ ಕೀವು, ಮೈಯಲ್ಲಿ ಜ್ವರ. ಕೇಳಿದ್ದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮರುದಿನ ಶಸ್ತ್ರಚಿಕಿತ್ಸೆ. ಹಿಂದಿನ ಕಾಯಿಲೆ, ಒಗ್ಗದ ಮದ್ದು ಏನಾದರೂ ಇದ್ದರೆ ಮನೆಯವರನ್ನು ವಿಚಾರಿಸಿ ಇಂದೇ ತಿಳಿಸಬೇಕೆಂದು ಅಲ್ಲಿಯ ಪ್ರತಿನಿಧಿ ಅಬ್ದುಲ್ ರವೂಫ್ ಕೇಳಿದ್ದ. ಉತ್ತರ ಇಂಗ್ಲಿಷಿನಲ್ಲೇ ಇರಬೇಕಿತ್ತು. ಅವನು ಅದನ್ನು ಹಾಗೆಯೇ ಆಸ್ಪತ್ರೆಯ ಇಂಗ್ಲಿಷ್ ಡಾಕ್ಟರರ ಕೈಗೆ ಕೊಡುವವನು.

ಪರದೇಶದ ಪತ್ರವ್ಯವಹಾರ ನೋಡುತ್ತಿದ್ದವಳು ಪ್ರೇಮಾವತಿ. ಅವಳು ಬೆಳ್ತಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಅಬ್ಬಾಸನ ಮನೆಯವರನ್ನು ಅಂಚೆ ಕಚೇರಿಗೆ ಕರೆಸಿದಳು. ಲೈನ್ ಸಿಕ್ಕಾಗ ಮಾತಾಡಿದವಳು ಅವನ ಅಕ್ಕ ನಬೀಸಾ. ಪಕ್ಕದಲ್ಲಿ ತಾಯಿ ಮೈಮೂನಮ್ಮ ನಿಂತಿದ್ದರು.

“ಅವನಿಗೆ ಯಾವ ಕಾಯಿಲೆಯೂ ಇಲ್ಲ ಅಕ್ಕ. ಗಟ್ಟಿ ಉಂಟು. ಹಾಗೇ ಬರೆಯಿರಿ.”

ಹೊರದೇಶದ ಕೆಲಸಕ್ಕೆ ಹೋದವರೆಲ್ಲ ಆರೋಗ್ಯದ ಸರ್ಟಿಫಿಕೇಟು ಕೊಟ್ಟೇ ಹೋದವರು. ಏನಾದರೂ ಬಾಯಿಬಿಟ್ಟರೆ ಹುಡುಗನನ್ನು ಹಡಗು ಹತ್ತಿಸಿ ವಾಪಸು ಕಳಿಸುತ್ತಾರೆಂಬ ಹೆದರಿಕೆ ಮನೆಗಳಲ್ಲಿತ್ತು. ಪ್ರೇಮಾವತಿ ಅದನ್ನು ಎತ್ತಲಿಲ್ಲ.

“ಜ್ವರ ಬಂದ್ರೆ ಯಾವ ಡಾಕ್ಟ್ರ ಹತ್ರ ಹೋಗ್ತಿದ್ರಿ?”

“ಒಂದ್ಸಲ ಮೂಡಬಿದ್ರೆಯ ಆಸ್ಪತ್ರೆಗೆ ಹೋಗಿದ್ದು. ಮತ್ತೆ ಹೋಗ್ಲಿಲ್ಲ.”

“ಯಾಕೆ?”

ಆ ಕಡೆ ತಾಯಿ ಮಗಳ ನಡುವೆ ಬ್ಯಾರಿ ಭಾಷೆಯಲ್ಲಿ ಗುಸುಗುಸು. “ಹೇಳ್ಬೇಡ ಅಂತಾರೆ ಉಮ್ಮ,” ಎಂದಳು ನಬೀಸಾ.

“ಏನು ಬರೆದೆ ಅಂತ ನಿಮಗೆ ಓದಿ ಹೇಳಿಯೇ ಕಳಿಸ್ತೇನೆ. ಉಮ್ಮನಿಗೆ ಹೇಳು.”

ಆಮೇಲೆ ಮಾತು ಹೊರಬಂತು. ನಾಲ್ಕು ವರ್ಷದ ಹಿಂದೆ ಇರಬೇಕು, ಡಾಕ್ಟರು ಬಿಳಿ ಪುಡಿಗೆ ನೀರು ಬೆರೆಸಿ ಇಂಜೆಕ್ಷನ್ ಕೊಟ್ಟಿದ್ದರು. “ಅವರು ಕೈ ತೊಳೆಯುವಷ್ಟರಲ್ಲಿ ಇವನ ಮುಖ ಊದಿತು. ಉಸಿರು ಸಿಕ್ಕಿಕೊಂಡಿತು. ಬೇರೆ ಸೂಜಿ ಚುಚ್ಚಿ ಬದುಕಿಸಿದ್ರು. ಮದ್ದಿನ ಹೆಸರು ನಮಗೆ ಗೊತ್ತಿಲ್ಲ. ಅಕ್ಕ, ಇದನ್ನು ಬರೆದ್ರೆ ಅವನ ಕೆಲಸ ಹೋಗ್ತದಾ?”

“ಅದು ನನಗೆ ಗೊತ್ತಿಲ್ಲ. ಬರೆಯದಿದ್ರೆ ಅದೇ ಮದ್ದು ಕೊಟ್ಟುಬಿಡಬಹುದು. ಅಷ್ಟು ಗೊತ್ತುಂಟು.”

ಮತ್ತೆ ಗುಸುಗುಸು. “ಬರೆಯಿರಿ ಅಂತಾರೆ.”

ಪ್ರೇಮಾವತಿ ಕೇಳುತ್ತಲೇ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು. ಅದನ್ನೀಗ ಕನ್ನಡದಲ್ಲಿ ಓದಿ ಹೇಳಿದಳು. ಉಸಿರು ಕಟ್ಟಿ ಎಚ್ಚರ ತಪ್ಪಿತು ಎಂಬಲ್ಲಿ ನಬೀಸಾ ತಡೆದಳು.

“ಎಚ್ಚರ ತಪ್ಪಲಿಲ್ಲ ಅಕ್ಕ. ಕಣ್ಣು ಬಿಟ್ಟೇ ಇದ್ದ.”

ಆ ಎರಡು ಶಬ್ದ ಹೊಡೆದುಹಾಕಿ ಉಳಿದದ್ದನ್ನು ಓದಿ ಮುಗಿಸಿದಾಗ ಎಕ್ಸ್‌ಚೇಂಜಿನವರು ಸಮಯ ಮುಗಿಯಿತೆಂದರು.

ಎದುರಿನ ಮೇಜಿನ ಗುಮಾಸ್ತ ಮುಂಡಪ್ಪ ಕಾಗದ ನೋಡಿ ನಕ್ಕ. “ಇಷ್ಟುದ್ದ ಯಾಕೆ ಮಾರಾಯ್ರೆ? ಪೆನಿಸಿಲಿನ್ ಆಗುವುದಿಲ್ಲ ಅಂದ್ರೆ ಮುಗೀತು. ಬಿಳಿ ಪುಡಿ ಮತ್ತೇನು, ಅಕ್ಕಿಹಿಟ್ಟಾ?”

“ನಬೀಸಾ ಪೆನಿಸಿಲಿನ್ ಅನ್ನಲಿಲ್ಲ ಮುಂಡಪ್ಪಣ್ಣ.”

“ಅವಳಿಗೆ ಹೆಸರು ಗೊತ್ತಿಲ್ಲ. ನಮಗೆ ಗೊತ್ತುಂಟಲ್ಲ.”

“ನಾವು ಅಲ್ಲಿ ಇರಲಿಲ್ಲ. ಓದುವ ಡಾಕ್ಟ್ರಿಗೆ ಅದು ಮನೆಯವರು ಹೇಳಿದ್ದೋ ನಾವು ಸೇರಿಸಿದ್ದೋ ಹೇಗೆ ಗೊತ್ತಾಗ್ಬೇಕು?”

ಕೊನೆಗೆ ತಂತಿಯಲ್ಲಿ ಹೋದದ್ದರ ಕನ್ನಡ ಇಷ್ಟು: “ಅಕ್ಕ ಹೇಳಿದ್ದು: ಸುಮಾರು ನಾಲ್ಕು ವರ್ಷದ ಹಿಂದೆ ನೀರು ಬೆರೆಸಿದ ಪುಡಿಯ ಇಂಜೆಕ್ಷನ್. ಕೂಡಲೇ ಮುಖ ಊತ, ಉಸಿರಾಟಕ್ಕೆ ತೊಂದರೆ. ಎಚ್ಚರ ಇತ್ತು. ಬೇರೆ ಇಂಜೆಕ್ಷನ್‌ನಿಂದ ಗುಣ. ಮದ್ದಿನ ಹೆಸರು ಅವಳಿಗೆ ತಿಳಿಯದು. ಪೆನಿಸಿಲಿನ್ ಇರಬಹುದೆಂಬುದು ನಮ್ಮ ಊಹೆ ಮಾತ್ರ. ಚಿಕಿತ್ಸೆ ಕೊಟ್ಟ ಡಾಕ್ಟರರನ್ನು ವಿಚಾರಿಸುತ್ತಿದ್ದೇವೆ. ಬೇರೆ ಕಾಯಿಲೆ ಇಲ್ಲವೆನ್ನುತ್ತಾಳೆ.”

ತಂತಿ ಕಳಿಸಿ ಅವಳು ಮೂಡಬಿದ್ರೆಯ ಆಸ್ಪತ್ರೆಗೆ ಕಾಲ್ ಬುಕ್ ಮಾಡಿದಳು. ಸಂಜೆ ಲೈನ್ ಸಿಕ್ಕಿತು. ಡಾಕ್ಟರರಿಗೆ ಹುಡುಗನ ನೆನಪಿತ್ತು. ಅಂಥದ್ದನ್ನು ಯಾರೂ ಮರೆಯುವುದಿಲ್ಲ ಎಂದರು.

“ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಒಂದೇ ಬಾಟ್ಲಿಯಲ್ಲಿ ಬರ್ತದಲ್ಲ, ಅದು. ಯಾವುದರಿಂದ ಆಯ್ತು ಅಂತ ನಾನು ಹೇಳ್ಲಿಕ್ಕೆ ಬರುವುದಿಲ್ಲ. ಎರಡನ್ನೂ ಕೊಡ್ಬಾರ್ದು ಅಂತ ಬರೆಯಿರಿ. ನನ್ನ ಹೆಸರು ಹಾಕಿ.”

ಅದನ್ನು ಡಾಕ್ಟರರ ಹೆಸರಿನಲ್ಲೇ ಎರಡನೆಯ ತಂತಿಯಾಗಿ ಕಳಿಸಿದಳು. ಮುಂಡಪ್ಪ ತಾನೇ ಎದ್ದು ಅದನ್ನು ಅಂಚೆ ಕಚೇರಿಗೆ ಒಯ್ದ. ಬಾಗಿಲಲ್ಲಿ ನಿಂತು, “ನಾನಾಗಿದ್ರೆ ಪೆನಿಸಿಲಿನ್ ಒಂದನ್ನೇ ಬರೀತಿದ್ದೆ,” ಎಂದ.

ಮರುದಿನ ಮಧ್ಯಾಹ್ನ ರವೂಫನ ಉತ್ತರ ಬಂತು. ಪೆನಿಸಿಲಿನ್ ಸಂದೇಹವೆಂದು ಓದಿದ ಡಾಕ್ಟರರು ಮೊದಲು ಸ್ಟ್ರೆಪ್ಟೊಮೈಸಿನ್ ತರಿಸಿಟ್ಟಿದ್ದರಂತೆ. ಊರಿನ ಡಾಕ್ಟರರನ್ನು ವಿಚಾರಿಸುತ್ತಿದ್ದಾರೆಂಬ ಮಾತು ನೋಡಿ ಕಾದರು. ಎರಡನೆಯ ತಂತಿ ಸಿಕ್ಕಮೇಲೆ ಅದನ್ನೂ ಬಿಟ್ಟು ಬೇರೆ ಮದ್ದು ಕೊಟ್ಟರು. ಶಸ್ತ್ರಚಿಕಿತ್ಸೆ ಮುಗಿದಿದೆ, ಅಬ್ಬಾಸ್ ಕ್ಷೇಮ.

ಪ್ರೇಮಾವತಿ ಬೆಳ್ತಂಗಡಿಯ ಅಂಚೆ ಕಚೇರಿಗೆ ಫೋನು ಮಾಡಿ, ಮನೆಯವರನ್ನು ಕರೆಸಿ ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ನಬೀಸಾ ಪ್ರತಿ ಸಾಲನ್ನೂ ತಾಯಿಗೆ ದಾಟಿಸಿದಳು. ಕೊನೆಗೆ ಕೇಳಿದಳು: “ಅವನ ಕೆಲಸ?”

“ರವೂಫ್ ಅದರ ಬಗ್ಗೆ ಏನೂ ಬರೆದಿಲ್ಲ. ಈಗಲೇ ಕೇಳ್ತೇನೆ.”

“ಉಂಟು ಅಂತ ಹೇಳಬಹುದಿತ್ತು ನೀವು, ಉಮ್ಮನ ಸಮಾಧಾನಕ್ಕೆ.”

“ಹೇಳಬಹುದಿತ್ತು.”

ಕೆಲಸದ ವಿಷಯ ಇನ್ನೂ ಗೊತ್ತಿಲ್ಲವೆಂದೇ ನಬೀಸಾ ತಾಯಿಗೆ ದಾಟಿಸಿದಳು. “ಬೇಡ ಅಕ್ಕ. ಹಾಗೆ ಹೇಳಿದ್ರೆ, ಕ್ಷೇಮ ಇದ್ದಾನೆ ಅಂದದ್ದನ್ನೂ ನಾವು ನಂಬ್ತಿರಲಿಲ್ಲ.”