ಬರೀ ಬಡ್ಡಿ

ಮನೆಸಾಲದಲ್ಲಿ ಬ್ಯಾಂಕು ಈವರೆಗೆ ಬಿಡುಗಡೆ ಮಾಡಿದ್ದ ಹನ್ನೆರಡು ಲಕ್ಷಕ್ಕೆ ತಿಂಗಳ ಬಡ್ಡಿ ಒಂಬತ್ತು ಸಾವಿರ. ಈ ಸಲ ನರ್ಸಮ್ಮನ ಖಾತೆಯಿಂದ ಹದಿನೈದು ಸಾವಿರ ಹೋಗಿತ್ತು. ತಾರಸಿ ಹಾಕಿದ ಮೇಲೆ ಬರಬೇಕಾದ ಎಂಟು ಲಕ್ಷ ಆಗಲೇ ಬಿಡುಗಡೆಯಾಗಿದೆ ಎಂದು ಹೊಳೆಯಿತು. ಸೈಟಿಗೆ ಓಡಿದಳು. ಗೋಡೆಗಳ ಮೇಲೆ ಬರೀ ಆಕಾಶ.

ಕಟ್ಟಡದ ಗುತ್ತಿಗೆ ಹಿಡಿದಿದ್ದ ಮೈದುನ ಹಲ್ಲುಕಿರಿದ. "ಬ್ಯಾಂಕಿಗೆ ಪಕ್ಕದ ಮನೆ ತಾರಸಿ ಫೋಟೊ ಕೊಟ್ಟೆ, ಅತ್ತಿಗೆ. ಅಣ್ಣ ಕಣ್ಮುಚ್ಚಿ ಸಹಿ ಹಾಕ್ದ."

"ದುಡ್ಡೆಲ್ಲೋ?"

"ನನ್ನ ಹಳೇ ಸಾಲಕ್ಕೆ ಹೋಯ್ತು. ಬರೀ ಬಡ್ಡಿ ತಾನೇ, ಕಟ್ಕೊಂಡಿರಿ."

ಎರಡೆರಡು ಪಾಳಿ ದುಡಿದು ಕಟ್ಟಿದರೂ ಅಸಲು ಬಿಡಿಗಾಸೂ ಕರಗದು. ಅವಳು ಕಬ್ಬಿಣದ ಸರಳೆತ್ತಿ ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು. ಅವನು ಮರಳಿನಲ್ಲಿ ತೆವಳುತ್ತಾ ಅರಚಿದ.

"ಅರಚಬೇಡ್ವೋ," ಸರಳು ಮತ್ತೆ ಮೇಲೆದ್ದಿತು. "ಇದು ಬರೀ ಬಡ್ಡಿ. ಅಸಲು ಇನ್ನೂ ಮುಟ್ಟೇ ಇಲ್ಲ."