ತಿಪ್ಪೇಶನ ಹೆಸರಿಲ್ಲದ ನಾಲ್ಕು ಸಾಲು

ತಿರುಮಣಿಯಲ್ಲಿ ಸೋಲಾರ್ ಪಾರ್ಕಿನೊಳಗೆ ಹುಲ್ಲು ಕೊಯ್ಯಬೇಕಾದರೂ ತಿಪ್ಪೇಶನ ಬಾಯಿಂದ ಒಂದು ಮಾತು ಬೀಳಬೇಕು. ಅಲ್ಲಿಯ ಒಂದು ಕಂಪನಿಗೆ ಆಳು ಒದಗಿಸುವ ಗುತ್ತಿಗೆ ಅವನದು. ಗೇಟಿನಲ್ಲಿ ನಿಲ್ಲುವವರು, ಪ್ಯಾನೆಲ್ಲು ಒರೆಸುವವರು, ಎಲ್ಲರೂ ಅವನ ಕಡೆಯವರೇ. ಆಫೀಸಿನ ಮುಂದೆ ನಿಂತವರು ಮೊದಲು 'ತಿಪ್ಪೇಶಣ್ಣನ ಕಡೆಯೋರು' ಅನ್ನಬೇಕು, ಆಮೇಲೆ ಬೇಕಾದರೆ ತಮ್ಮ ಹೆಸರು ಹೇಳಿಕೊಳ್ಳಬಹುದು. ಹಾಗೆ ರೂಢಿಯಾಗಿಬಿಟ್ಟಿತ್ತು. ಯಾರೂ ಯಾಕೆ ಅಂತ ಕೇಳಿದವರಲ್ಲ.

ಶೃತಿ ಕೇಳಿದಳು.

ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಳು. ಅಪ್ಪ ದೊಡ್ಡರಂಗಪ್ಪ ಅದೇ ಕಂಪನಿಯ ಗೇಟಿನಲ್ಲಿ ಕಾವಲು. ಮಗಳಿಗೆ ಪ್ಯಾನೆಲ್ಲಿನಿಂದ ಬರುವ ಕರೆಂಟನ್ನು ಮನೆಗೆ ಒದಗುವ ಕರೆಂಟಾಗಿ ಬದಲಿಸುವ ಇನ್ವರ್ಟರ್ ಕೆಲಸ ಕಲಿಯುವ ಆಸೆ. ಕಂಪನಿಯ ಪಾರ್ಕುಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಎಂಜಿನಿಯರ್ ಜಯಕುಮಾರ್ ಅಂತ ಒಬ್ಬರು ಬೆಂಗಳೂರಿನಲ್ಲಿದ್ದರು. ಉದ್ಯೋಗಸ್ಥರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುವ ಲಿಂಕ್ಡ್‌ಇನ್ನಿನಲ್ಲಿ ಅವರು ಬರೆದದ್ದನ್ನೆಲ್ಲ ಶೃತಿ ಬಿಡದೆ ಓದುತ್ತಿದ್ದಳು. ಅವರಿಗೊಂದು ಮಾತು ಬರೆಯಬೇಕು ಅಂತ ಅಪ್ಪನ ಹತ್ತಿರ ಬಾಯಿಬಿಟ್ಟದ್ದೇ ತಪ್ಪಾಯಿತು. ಅಪ್ಪ ಸಂಜೆಗೆ ತಿಪ್ಪೇಶನನ್ನೇ ಮನೆಗೆ ಕರೆತಂದ.

ತಿಪ್ಪೇಶ ಕುರ್ಚಿ ತುಂಬಾ ಕೂತು, ಲೋಟದ ಕಾಫಿ ಒಂದೇ ಗುಟುಕಿಗೆ ಮುಗಿಸಿದ.

"ಏಮಮ್ಮಾ, ದೊಡ್ಡೋರಿಗೆ ಬರೀತೀಯಂತೆ? ನಾನು ಹೇಳ್ತೀನಿ, ನೀನು ಫೋನಲ್ಲಿ ಒತ್ತು. ಮೊದಲು, 'ಪರಮಪೂಜ್ಯರಾದ, ಬಡವರ ಬಂಧುಗಳಾದ ಸಾಹೇಬರ ಪಾದಗಳಿಗೆ' ಅಂತ ಹಾಕು."

"ಪಾದ ಇಂಗ್ಲಿಷಲ್ಲಿ ಹಾಕಿದ್ರೆ ನಗ್ತಾರೆ ತಿಪ್ಪೇಶಣ್ಣ," ಅಂದಳು ಶೃತಿ.

"ನಗ್ಲಿ ಬುಡು, ನಕ್ಕೋರು ಕೆಲಸ ಕೊಡ್ತಾರೆ. ಆಮೇಲೆ, 'ನಾವು ಪಾರ್ಕಿಗೆ ಜಮೀನು ಕೊಟ್ಟೋರು, ತಿಪ್ಪೇಶಣ್ಣನ ಮನೇ ಮಗಳಿದ್ದಂಗೆ, ಅವರು ಹೇಳಿ ಕಳಿಸವ್ರೆ, ದಯಮಾಡಿ ಒಂದು ಕೆಲಸ'..."

ಹುಡುಗಿ ಒತ್ತುತ್ತಾ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ಫೋನು ಮುಂದೆ ಅಕ್ಷರ ತೆಗೆದುಕೊಳ್ಳಲಿಲ್ಲ.

"ಯಾಕೆ ನಿಂತೋಯ್ತು?"

"ಪರಿಚಯ ಮಾಡ್ಕೊಳ್ಳೋ ಟಿಪ್ಪಣಿಗೆ ಇನ್ನೂರು ಅಕ್ಷರ ಮಾತ್ರ. ದುಡ್ಡು ಕಟ್ಟದೋರಿಗೆ ಅಷ್ಟೇ ಜಾಗ. ಪೂಜ್ಯರು, ಬಂಧುಗಳು ಸೇರ್ಕಂಡು ಜಾಗ ಎಲ್ಲಾ ತಿಂದ್ಬುಟ್ರು."

ಒಲೆಯ ಹತ್ತಿರ ಕೂತಿದ್ದ ಅವ್ವ ಲಕ್ಷ್ಮೀದೇವಿ ಸೆರಗು ಬಾಯಿಗಿಟ್ಟುಕೊಂಡಳು. ನಗುವೋ ಕೆಮ್ಮೋ, ತಿಪ್ಪೇಶ ಅತ್ತ ನೋಡಿದ.

"ಹಂಗಾದ್ರೆ ನಿನ್ನ ಓದು ಗೀದು ಹಾಕೋದೇ ಬೇಡ. ನನ್ನ ಹೆಸರು ಮಾತ್ರ ಇರ್ಲಿ. ಅಷ್ಟು ಸಾಕು."

ಶೃತಿ ಬರೆದದ್ದನ್ನೆಲ್ಲ ಅಳಿಸಿದಳು. ಹೊಸದಾಗಿ ಬರೆದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು: "ನಮಸ್ಕಾರ ಸರ್. ನಾನು ಶೃತಿ, ತಿರುಮಣಿ, ಎಲೆಕ್ಟ್ರಿಕಲ್ ಡಿಪ್ಲೊಮಾ. ನೀರಿಲ್ಲದೆ ಪ್ಯಾನೆಲ್ ಒರೆಸುವುದರ ಬಗ್ಗೆ ನೀವು ಬರೆದದ್ದು ಓದಿದೆ. ಇನ್ವರ್ಟರ್ ಕೆಲಸ ಕಲಿಯಲು ಮೊದಲು ಏನು ಓದಬೇಕು? ಬಿಡುವಾದಾಗ ಒಂದು ಸಾಲು ತಿಳಿಸಿದರೆ ಉಪಕಾರ."

ತಿಪ್ಪೇಶನಿಗೆ ನಂಬಲಾಗಲಿಲ್ಲ. "ಕೆಲಸ ಎಲ್ಲಿ ಕೇಳಿದ್ಯಾ?"

"ಕೇಳಿಲ್ಲ. ಮುಖ ನೋಡದೋರ ಹತ್ರ ಮೊದಲನೇ ಮಾತಲ್ಲೇ ಕೆಲಸ ಕೇಳಿದ್ರೆ, ಮನೆ ಬಾಗಿಲು ತೆಗೀತಿದ್ದಂಗೆ ಊಟ ಬಡಿಸು ಅಂದಂಗೆ."

"ಜಮೀನು ಕೊಟ್ಟಿದ್ದಾದ್ರೂ ಹಾಕಲೇ!"

"ಜಮೀನಿಗೆ ಬಾಡಿಗೆ ಬರ್ತೈತೆ ಅಣ್ಣ. ಅದರ ಲೆಕ್ಕ ಅಲ್ಲೇ ಮುಗೀತು. ನಾನು ಕೇಳ್ತಿರೋದು ಬೇರೆ."

"ನನ್ನ ಹೆಸರು?"

"ನಿಮಗೂ ಇನ್ವರ್ಟರಿಗೂ ಏನು ಸಂಬಂಧ?"

ತಿಪ್ಪೇಶ ಎದ್ದ. ಕೂಗಾಡಲಿಲ್ಲ, ಕೂಗಾಡುವವನಾದರೆ ಅಷ್ಟು ಭಯವಿರುತ್ತಿರಲಿಲ್ಲ. "ದೊಡ್ಡರಂಗಪ್ಪ, ನಿನ್ನ ಮಗಳು ನನ್ನ ತಲೆ ಮೇಲಿಂದ ದಾಟ್ಕಂಡು ಹೋಗ್ತಾವ್ಳೆ. ನೋಡ್ಕೋ. ಗೇಟಲ್ಲಿ ನಿಲ್ಲೋಕೆ ಬೇಕಾದಷ್ಟು ಜನ ಅವ್ರೆ," ಅಂದು ಚಪ್ಪಲಿ ಮೆಟ್ಟಿದ.

ಅವನು ಹೋದ ಮೇಲೆ ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. "ಒಂದು ಹೆಸರು ತಾನೇ ಕಣವ್ವ. ಹಾಕ್ಬುಟ್ರೆ ನಿನ್ನ ಗಂಟೇನು ಹೋಗ್ತೈತೆ?"

ಜಮೀನಿನ ಬಾಡಿಗೆ ಸಾಕಾಗದ ಮನೆಗೆ ಆ ಗೇಟೇ ಊರುಗೋಲು ಅಂತ ಶೃತಿಗೆ ಗೊತ್ತಿಲ್ಲವೇ? ಆದರೆ ಇವತ್ತು ಹೆಸರು ಬರೆದರೆ ನಾಳೆ ಒಳಗೆ ಹೋದರೂ ಅವಳು ತಿಪ್ಪೇಶನ ಆಳೇ. ಸಂಬಳ ಅವನ ಕೈಯಿಂದ, ರಜ ಅವನ ಬಾಯಿಂದ, ತಲೆಯೆತ್ತುವುದೂ ಅವನನ್ನು ಕೇಳಿ.

"ಅಪ್ಪ, ಅವನ ಹೆಸರು ಹಾಕಿದ್ರೆ ಮುಂದಕ್ಕೆ ನನ್ನ ಹೆಸರು ಯಾರಿಗೂ ಬೇಕಾಗಲ್ಲ," ಅಂದು ಕಳಿಸುವ ಗುಂಡಿ ಒತ್ತಿದಳು.

ಆಮೇಲೆ ಕಾಯುವ ಕಷ್ಟ. ಫೋನು ತೆಗೆದಾಗಲೆಲ್ಲ ಜಯಕುಮಾರರ ಹೆಸರಿನ ಪಕ್ಕ 'ಪೆಂಡಿಂಗ್' ಅಂತಲೇ ಇರುತ್ತಿತ್ತು. ಗೇಟಿನಲ್ಲಿ ತಿಪ್ಪೇಶ ಅಪ್ಪನನ್ನು ದಿನವೂ ಕುಟುಕುತ್ತಿದ್ದ: "ಏನಪ್ಪಾ, ಸಾಹೇಬ್ರು ನಿನ್ನ ಮಗಳಿಗೆ ಕಾರು ಕಳಿಸಿದ್ರಾ? ವಾಪಸ್ ತಗಂಡು ನನ್ನ ಹೆಸರಾಕಿ ಕಳಿಸೋಕೇಳು."

ಅಪ್ಪ ಬಂದು ಅದನ್ನೇ ಒಪ್ಪಿಸಿದ.

"ಈಗ ವಾಪಸ್ ತಗಂಡ್ರೆ ಮೂರು ವಾರ ಅವರಿಗೆ ಮತ್ತೆ ಕಳಿಸಾಕೆ ಆಗಲ್ಲ. ಅವರು ಒಪ್ಕಳೋವರೆಗೂ ಇನ್ನೊಂದು ಮಾತು ಬರೆಯಾಕೂ ಆಗಲ್ಲ."

"ದಿನಾ ಬೆಳಿಗ್ಗೆ ಒಂದು ಹೂವಿನ ಫೋಟೋನಾದ್ರೂ? ಗುಡ್ ಮಾರ್ನಿಂಗ್ ಅಂತ?"

"ಅಪ್ಪಾ! ಅದಕ್ಕೇ ಲಿಂಕ್ಡ್‌ಇನ್ನೋರು ಬೀಗ ಹಾಕಿರೋದು," ಅಂದಳು ಶೃತಿ. ಆ ಸಂಕಟದಲ್ಲೂ ಅವ್ವ ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ಸಂತೆಯ ದಿನ, ಪಾವಗಡದ ಬಸ್ಸಿನಲ್ಲಿ ನಿಂತಿದ್ದಾಗ ಉತ್ತರ ಬಂತು. ಜಯಕುಮಾರ್ ಪರಿಚಯ ಒಪ್ಪಿಕೊಂಡಿದ್ದರು. ಕೆಳಗೆ ಕೆಲವು ಸಾಲು: "ನೀವು ಒಂದೇ ಪ್ರಶ್ನೆ ಕೇಳಿದಿರಿ, ಅದಕ್ಕೇ ಉತ್ತರಿಸಲು ಸುಲಭವಾಯಿತು. ಮೊದಲು ಸುರಕ್ಷತೆ ಓದಿ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್ ಕಡೆಯ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ. ಅದು ಯಾಕೆ ಅಂತ ನಿಮ್ಮ ಮಾತಿನಲ್ಲಿ ಬರೆದು ಕಳಿಸಿ. ಅಪ್ರೆಂಟಿಸ್‌ಗೆ ಅರ್ಜಿ ಕರೆದಾಗ ಕಂಪನಿಯ ವೆಬ್‌ಸೈಟಿನಲ್ಲಿ ಎಲ್ಲರಂತೆ ಹಾಕಿ. ಅದಕ್ಕೆ ಯಾರ ಶಿಫಾರಸೂ ಬೇಡ."

ಅಪ್ಪನಿಗೆ ಹಿಗ್ಗು ತಡೆಯಲಾಗಲಿಲ್ಲ. ಮಾರನೆಯ ದಿನ ಗೇಟಿನಲ್ಲಿ ಇಬ್ಬರಿಗೆ ಹೇಳಿದ. ಮೂರನೆಯ ಕಿವಿ ತಿಪ್ಪೇಶನದು. ಅವನು ಹೊತ್ತು ಇಳಿಯುವ ಮುಂಚೆಯೇ ಮನೆ ಬಾಗಿಲಲ್ಲಿದ್ದ.

"ಈಗ ಪರಿಚಯ ಆಯ್ತಲ್ಲ. ಈಗ್ಲಾದ್ರೂ ಬರಿ, ದಾರಿ ತೋರಿಸಿದ್ದು ತಿಪ್ಪೇಶಣ್ಣ ಅಂತ. ಇಲ್ಲಾಂದ್ರೆ ನಿಮ್ಮಪ್ಪ ನಾಳೆಯಿಂದ ಗೇಟಿಗೆ ಬರೋದು ಬೇಡ."

"ಬರೆಯಲ್ಲ," ಅಂದಳು ಶೃತಿ. ಅಪ್ಪನ ಕಡೆ ನೋಡಲಾರದೆ ನೆಲ ನೋಡಿದಳು.

ದೊಡ್ಡರಂಗಪ್ಪ ಅಂಗಿಯ ಗುಂಡಿ ಬಿಚ್ಚತೊಡಗಿದ. ಕಂಪನಿಯ ನೀಲಿ ಅಂಗಿ, ಬೆವರಿನ ಉಪ್ಪು ಬೆನ್ನ ಮೇಲೆ ಬೆಳ್ಳಗೆ ಕೂತಿತ್ತು.

"ಇವತ್ತಿಂದು ಬೆವರೈತೆ ತಿಪ್ಪೇಶಪ್ಪ. ಒಗ್ದು, ಮಡಚಿ ಕೊಡ್ತೀನಿ. ಕೊಳೆ ಕೊಟ್ಟ ಅಂತ ಅನ್ನಿಸ್ಕಳಲ್ಲ," ಅಂದ. "ಹೆಸರು ಮಾತ್ರ ನನ್ನ ಮಗಳು ಹಾಕಲ್ಲ."

"ಲೇ ದೊಡ್ಡರಂಗ, ಏನು ಮಾತಾಡ್ತಿದ್ದೀಯಾ ಗೊತ್ತೈತಾ? ಊಟಕ್ಕೇನು ಮಾಡ್ತೀಯಾ?"

"ಅದನ್ನ ನಾವು ಕೂತ್ಕಂಡು ಮಾತಾಡ್ಕಂತೀವಿ," ಅಂದಳು ಒಳಗಿನಿಂದ ಲಕ್ಷ್ಮೀದೇವಿ. "ನೀವು ಹೊತ್ತು ಮುಳುಗೋಕೆ ಮುಂಚೆ ಹೊರಡಿ."

ತಿಪ್ಪೇಶ ಮೂವರ ಮುಖವನ್ನೂ ನೋಡಿದ. ಬಗ್ಗುವ ಮುಖ ಒಂದೂ ಸಿಗದೆ ಅಂಗಳ ಇಳಿದು ಹೋದ.

ದೊಡ್ಡರಂಗಪ್ಪ ಬರಿಮೈಯಲ್ಲಿ ಬಚ್ಚಲ ಕಲ್ಲಿನ ಹತ್ತಿರ ಕೂತು ಅಂಗಿಗೆ ಸೋಪು ಉಜ್ಜತೊಡಗಿದ. ಶೃತಿ ಪಕ್ಕದಲ್ಲಿ ಕೂತಳು. ಅಳು ಬಂದಿತ್ತು, ಅಳಲಿಲ್ಲ. ಅಪ್ಪ ತಲೆಯೆತ್ತದೆ ಕೇಳಿದ: "ಆಯಪ್ಪ ಏನೋ ಕೇಳವ್ರಲ್ಲ, ಆಫ್ ಮಾಡಿದ್ರೂ ತಂತೀಲಿ ಕರೆಂಟು ಯಾಕೆ ಇರ್ತೈತೆ ಅಂತ. ನಂಗೇಳು ಮೊದಲು. ನಂಗೆ ತಿಳಿದ್ರೆ ಅವರಿಗೂ ತಿಳೀತೈತೆ."

ಅವಳು ಹೇಳತೊಡಗಿದಳು.