ಬಿಳಿ ಚೌಕ, ಹಳದಿ ಗೆರೆ

ಕೊಟ್ರೇಶ ಹಾಲು ಕೊಟ್ಟರೂ ಮೂಸಿ ನೋಡಿ ಕುಡಿಯುವ ಮನುಷ್ಯ. ಹೊಳಲ್ಕೆರೆಯ ಪೇಟೆ ರಸ್ತೆಯಲ್ಲಿ ಆಟೋ ಓಡಿಸುವ ಐವರಲ್ಲಿ ಅವನೇ ಹಿರಿಯ. ಅವರು ನಿಲ್ಲುತ್ತಿದ್ದದ್ದು ಚಿತ್ರಲಿಂಗಪ್ಪನವರ ಗೊಬ್ಬರ, ಔಷಧಿ ಅಂಗಡಿಯ ಪಕ್ಕ. ಬೋರ್ಡು ಇಲ್ಲ, ಗುರುತು ಇಲ್ಲ. ಫುಟ್‌ಪಾತಿನ ಅಂಚಿಗೆ ಹಳೇ ಕಪ್ಪು ಬಿಳಿ ಪಟ್ಟೆ ಇತ್ತು, ಅಷ್ಟೇ. ಆ ಪಟ್ಟೆಯೇ ತಮಗೆ ಕೊಟ್ಟ ಹಕ್ಕುಪತ್ರ ಅಂತ ಕೊಟ್ರೇಶ ಬಹಳ ವರ್ಷದಿಂದ ನಂಬಿಕೊಂಡಿದ್ದ. ಪಾಪ, ಯಾರೂ ಬೇಡ ಅಂದಿರಲಿಲ್ಲ, ಅದಕ್ಕೇ ನಂಬಿಕೆ ಗಟ್ಟಿಯಾಗಿತ್ತು.

ಈಗ ರಸ್ತೆಗೆ ಹೊಸ ಬಣ್ಣ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಳದಿ ಗೆರೆ ಫುಟ್‌ಪಾತಿನ ಅಂಚು ಹಿಡಿದು ದಿನಾ ಒಂದಿಷ್ಟು ಮುಂದೆ ಬರುತ್ತಿತ್ತು. ಹಳದಿ ಬಂದ ಕಡೆ ಗಾಡಿ ನಿಲ್ಲಿಸಿ ಕಾಯುವ ಹಾಗಿಲ್ಲ ಅಂತ ಟ್ರಾಫಿಕ್ಕಿನ ಓಬಳೇಶಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದ. ಅದು ತಮ್ಮ ಜಾಗಕ್ಕೂ ಬಂದರೆ? ಕಾಯದೆ ಬಾಡಿಗೆ ಹುಟ್ಟುವುದಾದರೂ ಹೇಗೆ? ಜಾಗ ಹೋದರೆ ಐದು ಮನೆಯ ಒಲೆಗೂ ಬಿಸಿ ತಟ್ಟುತ್ತದೆ ಅಂತ ಕೊಟ್ರೇಶ ಒಳಗೊಳಗೇ ಬೆಂದುಹೋದ.

ಅಂಥ ಹೊತ್ತಲ್ಲಿ ಅವನ ಕಣ್ಣಿಗೆ ಬಿದ್ದದ್ದು ಚಿತ್ರಲಿಂಗಪ್ಪ. ಅಂಗಡಿ ಬಿಟ್ಟು ಹೊರಗೆ ಕಾಲಿಡದ ಸಾಹುಕಾರರು ಅವತ್ತು ಪುರಸಭೆಯ ಇಂಜಿನಿಯರ ಜೊತೆ ರಸ್ತೆಯಲ್ಲಿ ನಿಂತು, ಆಟೋಗಳ ಕಡೆಗೇ ಕೈ ತೋರಿಸುತ್ತಿದ್ದರು. ಬಣ್ಣದ ಕೆಲಸದವರಿಗೆ ಅಂಗಡಿಯಿಂದಲೇ ಟೀ ಬಂತು. ಟೀ ಅಂದರೆ ಬರೀ ಟೀ ಅಲ್ಲ, ಬಿಸ್ಕತ್ತೂ ಇತ್ತು!

"ನೋಡ್ದೇನ್ಲೇ ಹಾಲೇಶ?" ಅಂದ ಕೊಟ್ರೇಶ, ಪಕ್ಕದ ಆಟೋದವನಿಗೆ. "ನೊಣ ಬಿದ್ದ ಟೀನೂ ಚೆಲ್ಲದ ಮನುಷ್ಯ ಅದು. ಸುಮ್ನೆ ಬಿಸ್ಕತ್ ಕೊಡ್ತಾನಾ?"

"ಬಿಸ್ಲು ಐತೆ, ಕೊಟ್ಟಿರ್ತಾರೆ ಬಿಡಣ್ಣ," ಅಂದ ಹಾಲೇಶ.

"ಕೊಟ್ಟಿರ್ತಾರೆ! ನಿನ್ನಂಥೋರು ಇರೋದಕ್ಕೇ ಅಂಥೋರು ಬಾಳ್ತಾರೆ. ನಮ್ಮನ್ನ ಎಬ್ಬಿಸೋಕೆ ಮಾಡಿರೋ ಕೆಲ್ಸ ಇದು."

ಸಂಜೆಗೆ ಇಂಜಿನಿಯರು ಹೋದ ಮೇಲೆ ನೋಡಿದರೆ, ಆಟೋ ನಿಲ್ಲುವ ಜಾಗದ ಉದ್ದಕ್ಕೂ ಸೀಮೆಸುಣ್ಣದ ಗುರುತುಗಳು. ಅಲ್ಲೊಂದು ಅಡ್ಡಗೀಟು, ಇಲ್ಲೊಂದು ಚುಕ್ಕೆ. ಕೆಲಸದವರ ಮೇಸ್ತ್ರಿ ಮಾರಣ್ಣ ಡಬ್ಬಗಳಿಗೆ ಮುಚ್ಚಳ ಬಡಿಯುತ್ತಿದ್ದ. ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಬಿಳಿ.

"ಮೇಸ್ತ್ರೀ, ಇವೆಲ್ಲ ಏನ್ರೀ ಗುರುತು?" ಅಂದ ಕೊಟ್ರೇಶ.

"ಸಾಹೇಬ್ರು ಹಾಕಿದ್ದು ಕಣ್ರಪ್ಪಾ. ಬೆಳಗ್ಗೆ ಬಣ್ಣ ಬಿದ್ಮೇಲೆ ನೋಡ್ಕಳ್ರಿ. ನಾಳೆ ಇದು ಮುಗಿಸಿ ಹೊಸದುರ್ಗಕ್ಕೆ ಹೋಗ್ಬೇಕು ನಾವು."

ನೆಟ್ಟಗೆ ಇನ್ನೊಂದು ಮಾತು ಕೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅನುಮಾನದವನು ಕೇಳುವುದಿಲ್ಲ, ಊಹಿಸುತ್ತಾನೆ. ಕೊಟ್ರೇಶ ಊಹಿಸಿದ: ಗುರುತು ಇದ್ದರೆ ತಾನೇ ಬಣ್ಣ? ಗುರುತೇ ಇಲ್ಲದಿದ್ದರೆ ಇವರು ಇಷ್ಟು ಜಾಗ ಬಿಟ್ಟು ಹೊಸದುರ್ಗದ ದಾರಿ ಹಿಡಿಯುತ್ತಾರೆ.

ಬೆಳಕು ಹರಿಯುತ್ತಲೇ ಆಟೋ ತೊಳೆಯುವ ನೆಪದಲ್ಲಿ ಬಕೆಟ್ಟು ಹಿಡಿದು ಬಂದ. ಆಟೋಗೆ ಒಂದು ಚೊಂಬು, ರಸ್ತೆಗೆ ಉಳಿದದ್ದೆಲ್ಲ. ಕಾಲಲ್ಲೇ ಉಜ್ಜಿದ, ಹಳೇ ಬಟ್ಟೆಯಲ್ಲಿ ಒರೆಸಿದ. ಒಂದು ಚುಕ್ಕೆಯೂ ಉಳಿಯಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಬಾಡಿಗೆ ಸಿಕ್ಕಿತು, ಹಾಡು ಗುನುಗಿಕೊಂಡೇ ಹೋದ. ಅಷ್ಟು ಖುಷಿ ಅವನಿಗೆ ಈಚೆಗೆ ಆಗಿರಲೇ ಇಲ್ಲ.

ವಾಪಸು ಬಂದು ಎಂದಿನ ಜಾಗದಲ್ಲೇ ಆಟೋ ನಿಲ್ಲಿಸಿ ಇಳಿದು ನೋಡುತ್ತಾನೆ! ಆ ತುದಿಯಿಂದ ಈ ತುದಿಗೆ ಹಳದಿ. ನಡುವೆ ಒಂದು ಗೇಣೂ ಬಿಟ್ಟಿಲ್ಲ, ಕಪ್ಪು ಬಿಳಿ ಪಟ್ಟೆ ಕಾಣದ ಹಾಗೆ ಮುಚ್ಚಿಹೋಗಿದೆ. ಉಳಿದ ನಾಲ್ವರು ರಸ್ತೆಯಾಚೆ ಆಟೋ ನಿಲ್ಲಿಸಿಕೊಂಡು ಮುಖ ಇಳಿಬಿಟ್ಟು ನಿಂತಿದ್ದರು. ಓಬಳೇಶಪ್ಪ ಸೀಟಿ ಹಿಡಿದು ಮಧ್ಯದಲ್ಲಿದ್ದ.

"ಇಷ್ಟು ವರ್ಷ ನಿಂತಿಲ್ವಾ ಸಾರ್? ಕಪ್ಪು ಬಿಳಿ ಇತ್ತಲ್ಲ ನಮ್ಗೆ!" ಅಂದ ಕೊಟ್ರೇಶ.

"ಕಪ್ಪು ಬಿಳಿ ಕತ್ಲಲ್ಲಿ ಅಂಚು ಕಾಣ್ಲಿ ಅಂತ ಹೊಡೆಯೋದು ಕಣಪ್ಪ. ನಿಂತ್ಕಳ್ಳೋಕೆ ಬಿಡೋದೂ ಅಲ್ಲ, ಬ್ಯಾಡ ಅನ್ನೋದೂ ಅಲ್ಲ. ಹಳದಿ ಬ್ಯಾರೆ. ಜನ ಹತ್ತಿಸ್ಕಂಡೋ ಇಳಿಸ್ಕಂಡೋ ತಕ್ಷಣ ಹೋಗು, ನಾನೇನೂ ಅನ್ನಲ್ಲ. ನಿಲ್ಸಿ ಕಾದ್ರೆ ಕೇಸು. ಕಾಯೋದಾದ್ರೆ ಬಿಳಿ ಚೌಕ ಬೇಕು. ನಿಮ್ಗೆ ಇಲ್ಲಿ ಐದು ಚೌಕ ಬರ್ಬೇಕಿತ್ತು, ಯಾಕೋ ಬಂದಿಲ್ಲ."

"ಬರ್ಬೇಕಿತ್ತಾ?"

ಅಷ್ಟರಲ್ಲಿ ಚಿತ್ರಲಿಂಗಪ್ಪ ಪಂಚೆ ಎತ್ತಿಕಟ್ಟಿಕೊಂಡು ಅಂಗಡಿಯಿಂದ ಇಳಿದು ಬಂದರು. ಮುಖ ಕೆಂಡ. "ಏನ್ರಪ್ಪ, ಯಾರ್ ಮಾಡಿದ್ದು ಇದನ್ನ? ನೀವು ನನ್ನ ಬಾಗ್ಲಿಗೇ ಆಟೋ ತಂದು ಅಡ್ಡ ಹಾಕ್ತೀರಿ, ಲೋಡು ಇಳಿಸೋಕೆ ಆಗಲ್ಲ. ಅದಕ್ಕೇ ಬಾಗ್ಲು ಬಿಟ್ಟು ಪಕ್ಕಕ್ಕೆ ಆಟೋಗೆ ಚೌಕ ಹಾಕಿಸ್ರಿ ಅಂತ ಇಂಜಿನಿಯರ ಕಾಲು ಹಿಡ್ದಿದ್ದೆ. ಅವ್ರೇ ಬಂದು ಅಳತೆ ಮಾಡಿ ಗುರುತು ಹಾಕಿದ್ರು. ಗುರುತು ಇದ್ದಲ್ಲಿ ಬಿಳಿ ಚೌಕ, ಇಲ್ಲದ ಕಡೆ ಹಳದಿ ಎಳೀತಾ ಹೋಗ್ರಿ ಅಂತ ಮಾರಣ್ಣಗೆ ಹೇಳಿದ್ರು. ಬೆಳಗ್ಗೆ ನೋಡಿದ್ರೆ ಗುರುತೇ ಇಲ್ವಂತೆ! ಸಾಹೇಬ್ರೇ ಅಳಿಸಿರ್ಬೇಕು ಅಂತ ಪೂರ್ತಿ ಹಳದಿ ಎಳೆದುಬಿಟ್ಟಿದಾನೆ."

ಕೊಟ್ರೇಶ ಕಾಲ ಕೆಳಗಿನ ಹಳದಿ ನೋಡಿದ. ತನ್ನ ಕಾಲಲ್ಲೇ ಉಜ್ಜಿದ್ದು ತನ್ನ ಜಾಗವನ್ನೇ! ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

"ಇನ್ನೂ ಕಾಲ ಮಿಂಚಿಲ್ಲ," ಅಂದರು ಸಾಹುಕಾರರು. "ಮಾರಣ್ಣ ಸಂಜೆವರೆಗೂ ಊರಲ್ಲೇ ಇರ್ತಾನೆ. ಈಗ್ಲೇ ನೀವು ಐದೂ ಜನ ನನ್ ಜೊತೆ ಪುರಸಭೆಗೆ ಬರ್ರಿ. ಐದೂ ಜನ ಅರ್ಜಿಗೆ ಸೈ ಹಾಕಿದ್ರೆ ಹಳದಿ ಅಳಿಸಿ ಚೌಕ ಹಾಕಿಸ್ತಾರೆ."

ಯಾರೂ ಕದಲಲಿಲ್ಲ. ಯತ್ತಪ್ಪ ಅನ್ನುವ ಆಟೋದವನು ಬೀಡಿ ಎಸೆದು ಕೊಟ್ರೇಶನ ಕಿವಿ ಹತ್ತಿರ ಬಂದ. "ಗುರುತು ಅಳಿಸಿದ್ದೂ ಇವ್ನೇ ಇರ್ಬೇಕಣ್ಣ. ಈಗ ಒಳ್ಳೇನ್ ಥರ ಬಂದಾನೆ. ಅಲ್ಲಿ ಕರ್ಕಂಡ್ ಹೋಗಿ ಯಾವುದಕ್ಕೆ ಸೈ ಹಾಕಿಸ್ತಾನೋ ಏನೋ."

ಕೊಟ್ರೇಶನಿಗೆ ಆ ಮಾತು ತನ್ನ ಬಾಯಿಂದಲೇ ಬಂದಷ್ಟು ಗುರುತಾಯಿತು. ಇಷ್ಟು ವರ್ಷ ಇವರಿಗೆ ಇದನ್ನೇ ತಾನೇ ಅವನು ಉಣಿಸಿದ್ದು? ನಾಚಿಕೆ ಸುಟ್ಟುಹಾಕಿತು. ತಡೆಯಲಾಗಲಿಲ್ಲ.

"ಅವ್ರಲ್ಲ ಕಣ್ರಲೇ, ನಾನು! ಬೆಳಗ್ಗೆ ನೀರು ಹಾಕಿ ನಾನೇ ತೊಳ್ದೆ. ನಮ್ಮನ್ನ ಎಬ್ಬಿಸೋ ಗುರುತು ಅಂತ ತಿಳ್ಕಂಡೆ. ತಪ್ಪಾತು. ನಡೀರಿ, ಪುರಸಭೆಗೆ ಹೋಗಾಣ."

ಎಲ್ಲರೂ ಅವನನ್ನೇ ನೋಡಿದರು. ಸಾಹುಕಾರರು ಹಣೆ ಬಡಿದುಕೊಂಡರು. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಅಂತ ಕೊಟ್ರೇಶ ತಲೆ ತಗ್ಗಿಸಿ ನಿಂತ. ಆದರೆ ಯಾರೂ ಬೈಯಲಿಲ್ಲ. ಹಾಲೇಶ ಅವನ ಮುಖವನ್ನೂ ಸಾಹುಕಾರರ ಮುಖವನ್ನೂ ಒಂದೆರಡು ಸಲ ನೋಡಿದ.

"ಸಾಹುಕಾರ್ರು ಎಷ್ಟು ದುಡ್ಡು ಕೊಟ್ರು ಅಣ್ಣ, ಹಿಂಗೆ ಹೇಳೋಕೆ?" ಅಂದ.

"ಲೇ, ನಮ್ಮವ್ವನಾಣೆ ಕಣೋ, ನಾನೇ..."

"ಬಿಡಣ್ಣ. ಯಾರೂ ಸುಮ್ನೆ ತಪ್ಪು ಮೈಮ್ಯಾಲೆ ಹಾಕ್ಕಳಲ್ಲ, ನೀನೇ ಹೇಳ್ಕೊಟ್ಟಿದ್ದು."

ಒಬ್ಬೊಬ್ಬರಾಗಿ ಆಟೋ ಹತ್ತಿ ಹೊರಟರು. ಕೊಟ್ರೇಶ ಹಿಂದೆ ಓಡಿದ, ಕೂಗಿದ, ಹಾಲೇಶನ ಆಟೋದ ಕಂಬಿ ಹಿಡಿದ. ಹಾಲೇಶ ನಿಲ್ಲಿಸಲಿಲ್ಲ. ಕೊಟ್ರೇಶ ತಿರುಗಿ ಬರುವಷ್ಟರಲ್ಲಿ ಓಬಳೇಶಪ್ಪ ಅವನ ಆಟೋ ಮುಂದೆ ನಿಂತು ಸೀಟಿ ಊದುತ್ತಿದ್ದ.

"ಆಗ್ಲಿಂದ ನಿಂತೈತೆ ಇದು. ತಗೀ ಕೊಟ್ರೇಶಾ, ಇದು ಹಳದಿ."